ಕೊರಳಿನ ಸರಪಳಿ ಸಡಿಲವೇ ಇದೆ: ಲವರ್ಸ್ ಮತ್ತು ಡೆವಿಲ್ ಒಟ್ಟಿಗೆ ಬಂದಾಗ

ಡೆವಿಲ್ ಕಾರ್ಡ್ ತಿರುಗಿಸಿ ಇಟ್ಟ ಕೂಡಲೇ ಎದುರು ಕೂತವರ ಕೈ ಮೇಜಿನಿಂದ ಹಿಂದಕ್ಕೆ ಸರಿಯುತ್ತದೆ. ಕುಂಬಳೆಯ ನಮ್ಮ ಮನೆಯ ಜಗಲಿಯಲ್ಲಿ ಟ್ಯಾರೋ ಓದಲು ಶುರು ಮಾಡಿ ಹನ್ನೊಂದು ವರ್ಷವಾಯಿತು, ಕೈ ಹಿಂದೆ ತೆಗೆಯದವರನ್ನು ಕಂಡದ್ದು ಕಡಿಮೆ. ಆಮೇಲೆ ಬರುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಎಂತ ಅಕ್ಕ ಇದು, ಭೂತವಾ?"

ಭೂತ ಅಲ್ಲ. ಕಾಸರಗೋಡಿನಲ್ಲಿ ಈ ಮಾತನ್ನು ಮೊದಲೇ ಹೇಳಿಬಿಡಬೇಕು. ನಮಗೆ ಭೂತ ಅಂದರೆ ಮನೆತನ ಕಾಯುವ, ಕೋಲ ಕೊಟ್ಟು ನುಡಿ ಕೇಳುವ, ಗಂಧ ಪ್ರಸಾದ ತೆಗೆದುಕೊಂಡು ಬರುವ ದೈವ. ಚಂದ್ರಗಿರಿ ಹೊಳೆ ದಾಟಿ ತೆಂಕಿಗೆ ಹೋದರೆ ತೆಯ್ಯಂ ಅನ್ನುತ್ತಾರೆ. ಟ್ಯಾರೋದ ಡೆವಿಲ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಮಾಟವೂ ಅಲ್ಲ, ಬಾಧೆಯೂ ಅಲ್ಲ. ಡೆವಿಲ್ ಬಂದದ್ದನ್ನು ತೋರಿಸಿ "ಯಾರೋ ಏನೋ ಮಾಡಿಸಿದ್ದಾರೆ, ಪರಿಹಾರಕ್ಕೆ ಇಷ್ಟು ಖರ್ಚಾಗುತ್ತದೆ" ಎಂದು ಹೇಳುವವರಿದ್ದರೆ ಅವರಿಗೆ ಕಾರ್ಡ್ ಓದಲು ಬರುವುದಿಲ್ಲ, ಅಥವಾ ಚೆನ್ನಾಗಿ ಬರುತ್ತದೆ ಮತ್ತು ಬೇಕೆಂದೇ ಹಾಗೆ ಹೇಳುತ್ತಿದ್ದಾರೆ.

ಡೆವಿಲ್ ಒಂಟಿಯಾಗಿ ಬಂದರೆ ಅರ್ಥ ಹತ್ತು ಕಡೆಗೆ ಹೋಗಬಹುದು: ಸಾಲ, ಕುಡಿತ, ಬಿಡಲಾಗದ ಕೆಲಸ. ಪ್ರೀತಿಯ ವಿಷಯ ಕೇಳಿದಾಗ ಅದರ ಜೊತೆಗೆ ಲವರ್ಸ್ ಕೂಡ ಬಂದರೆ ಮಾತು ಬೇರೆ. ಸೆಳೆತ ಬಲವಾಗಿದೆ, ಆದರೆ ನೆಮ್ಮದಿ ಇಲ್ಲ. ಬಿಡಲಾಗುವುದಿಲ್ಲ, ಇದ್ದು ಸುಖವೂ ಇಲ್ಲ. ಇಂಥ ಸಂಬಂಧಕ್ಕೆ ಈ ಜೋಡಿಯಷ್ಟು ನೇರವಾದ ಚಿತ್ರ 78 ಕಾರ್ಡ್‌ಗಳ ಕಟ್ಟಿನಲ್ಲಿ ಇನ್ನೊಂದಿಲ್ಲ. ಆದರೆ ಇದನ್ನು ತಪ್ಪಾಗಿ ಓದುವುದೂ ಅಷ್ಟೇ ಸುಲಭ.

ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಬರೀ ಕಣ್ಣಿಂದ ನೋಡಿ. ನಾನು ಹೇಳುವುದು ರೈಡರ್-ವೇಟ್ ಕಟ್ಟಿನ ಬಗ್ಗೆ. 1909ರಲ್ಲಿ ಲಂಡನ್ನಿನಲ್ಲಿ ಹೊರಬಂದದ್ದು. ಆರ್ಥರ್ ಎಡ್ವರ್ಡ್ ವೇಟ್ ಹೇಳಿದ ಹಾಗೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬಿಡಿಸಿದ ಚಿತ್ರಗಳು. ಇವತ್ತು ಆನ್‌ಲೈನಿನಲ್ಲಿ ತರಿಸುವ ಹೆಚ್ಚಿನ ಕಟ್ಟುಗಳು ಇದರ ಪ್ರತಿ, ಇಲ್ಲವೇ ಇದರದ್ದೇ ಮಕ್ಕಳು ಮರಿಗಳು.

ಲವರ್ಸ್‌ನಲ್ಲಿ ಬತ್ತಲೆ ನಿಂತ ಗಂಡು, ಹೆಣ್ಣು. ಮೇಲೆ ಮೋಡದಲ್ಲಿ ರೆಕ್ಕೆ ಬಿಚ್ಚಿದ ದೇವದೂತ, ಅವನ ತಲೆಯ ಮೇಲೆ ಸೂರ್ಯ. ಗಂಡು ಹೆಣ್ಣನ್ನು ನೋಡುತ್ತಿದ್ದಾನೆ, ಹೆಣ್ಣು ದೇವದೂತನನ್ನು ನೋಡುತ್ತಿದ್ದಾಳೆ. ಹೆಣ್ಣಿನ ಹಿಂದೆ ಹಣ್ಣಿನ ಮರ, ಅದಕ್ಕೆ ಸುತ್ತಿಕೊಂಡ ಹಾವು. ಗಂಡಿನ ಹಿಂದೆ ಎಲೆಗಳ ಬದಲು ಬೆಂಕಿಯ ನಾಲಗೆ ಬಿಟ್ಟ ಮರ. ಇಬ್ಬರ ನಡುವೆ ದೂರದಲ್ಲಿ ಒಂದು ಬೆಟ್ಟ. ಡೆವಿಲ್‌ನಲ್ಲಿಯೂ ಅದೇ ಗಂಡು, ಅದೇ ಹೆಣ್ಣು, ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಂತಿದ್ದಾರೆ. ಮೇಲೆ ದೇವದೂತನಿದ್ದಲ್ಲಿ ಬಾವಲಿ ರೆಕ್ಕೆಯ, ಆಡಿನ ಕೊಂಬಿನ ಆಕೃತಿ. ಹಿನ್ನೆಲೆ ಪೂರ್ತಿ ಕಪ್ಪು. ಇಬ್ಬರಿಗೂ ಸಣ್ಣ ಕೊಂಬು, ಬಾಲ. ಕೊರಳಲ್ಲಿ ಸರಪಳಿ. ಇವರು ಪಾಪಕ್ಕೆ ಬಿದ್ದ ಮೇಲಿನ ಆದಮ್ ಮತ್ತು ಈವ್ ಇದ್ದ ಹಾಗೆ ಎಂದು ವೇಟ್ ತಾನೇ ಬರೆದಿದ್ದಾನೆ. ಅಂದರೆ ಇದು ಎರಡು ಜೋಡಿಗಳ ಕಥೆಯಲ್ಲ, ಒಂದೇ ಜೋಡಿಯ ಎರಡು ಫೋಟೋ.

ನಂಬರಿನಲ್ಲಿಯೂ ಆ ನಂಟು ಇದೆ. ಲವರ್ಸ್ 6, ಡೆವಿಲ್ 15; ಒಂದು ಮತ್ತು ಐದು ಕೂಡಿದರೆ ಆರು. ಕೆಲವರು ಇದರ ಮೇಲೆಯೇ ಅರ್ಧ ಗಂಟೆ ಮಾತಾಡುತ್ತಾರೆ. ನನಗೆ ಅಷ್ಟು ಉಪಯೋಗಕ್ಕೆ ಬಿದ್ದದ್ದಿಲ್ಲ. ಚಿತ್ರವೇ ಸಾಕಷ್ಟು ಹೇಳುತ್ತದೆ.

ಬಾಲಗಳನ್ನು ಹತ್ತಿರದಿಂದ ನೋಡಿ. ಹೆಣ್ಣಿನ ಬಾಲದ ತುದಿಯಲ್ಲಿ ದ್ರಾಕ್ಷಿ ಗೊಂಚಲು. ಗಂಡಿನ ಬಾಲದ ತುದಿಯಲ್ಲಿ ಬೆಂಕಿ, ಡೆವಿಲ್‌ನ ಎಡಗೈಯ ಪಂಜು ಅದರ ಕಡೆಗೇ ಬಾಗಿದೆ. ಈಗ ಲವರ್ಸ್‌ಗೆ ಮರಳಿ. ಹೆಣ್ಣಿನ ಹಿಂದೆ ಹಣ್ಣು, ಗಂಡಿನ ಹಿಂದೆ ಬೆಂಕಿ. ಅದೇ ಹಣ್ಣು, ಅದೇ ಬೆಂಕಿ. ಮೊದಲ ಚಿತ್ರದಲ್ಲಿ ಅವು ಮರದಲ್ಲಿದ್ದವು, ಮರ ಮಣ್ಣಿನಲ್ಲಿತ್ತು, ಇಬ್ಬರೂ ಅದರ ಮುಂದೆ ನಿಂತಿದ್ದರು. ಎರಡನೆಯದರಲ್ಲಿ ಅವು ಮೈಗೇ ಅಂಟಿಕೊಂಡು ಬೆಳೆದಿವೆ. ಬೇಕೆಂದಾಗ ಹತ್ತಿರ ಹೋಗಿ, ಸಾಕೆಂದಾಗ ದೂರ ನಿಲ್ಲಲು ಬರುವುದಿಲ್ಲ. ಹೋದಲ್ಲೆಲ್ಲ ಬಾಲದ ಹಾಗೆ ಹಿಂದೆಯೇ ಬರುತ್ತದೆ.

ಕಾರ್ಡ್ ಓದಲು ಕಲಿಯುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಯಾಕೆಂದರೆ ಈ ಜೋಡಿ ಬಂದ ಕೂಡಲೇ "ಅದು ನಿಜವಾದ ಪ್ರೀತಿ ಅಲ್ಲ, ಬರೀ ಮೋಹ" ಎಂದು ತೀರ್ಪು ಕೊಡುವವರು ಬಹಳ. ಚಿತ್ರ ಹಾಗೆ ಹೇಳುತ್ತಿಲ್ಲ. ಸೆಳೆತ ಸುಳ್ಳು ಅನ್ನುತ್ತಿಲ್ಲ. ಹಣ್ಣು ಹಣ್ಣೇ, ಬೆಂಕಿ ಬೆಂಕಿಯೇ. ಇದ್ದ ಜಾಗ ಮಾತ್ರ ಬದಲಾಗಿದೆ. "ನಿನ್ನದು ಪ್ರೀತಿಯೇ ಅಲ್ಲ" ಎಂದು ಯಾರಿಗಾದರೂ ಹೇಳಿ ನೋಡಿ. ಅವರು ಎದ್ದು ಹೋಗುತ್ತಾರೆ, ಸೀದಾ ಅದೇ ಸಂಬಂಧಕ್ಕೆ ಹೋಗುತ್ತಾರೆ, ಮತ್ತು ಸರಿಯಾಗಿಯೇ ಹೋಗುತ್ತಾರೆ. ತಮಗೆ ಆದ ಅನುಭವ ಸುಳ್ಳು ಎಂದವರ ಮಾತನ್ನು ಯಾರಾದರೂ ಯಾಕೆ ಕೇಳಬೇಕು?

ಇನ್ನು ಸರಪಳಿ. ಡೆವಿಲ್ ಕೂತ ಪೀಠದ ಮುಂಭಾಗದಲ್ಲಿ ಒಂದು ಕಬ್ಬಿಣದ ಬಳೆ, ಅದರಿಂದ ಎರಡು ಸರಪಳಿ ಹೊರಟು ಇಬ್ಬರ ಕೊರಳಿಗೂ ಹೋಗಿವೆ. ಕೊರಳಿನ ಸುತ್ತು ಎಷ್ಟು ಸಡಿಲ ಎಂದರೆ ತಲೆಯ ಮೇಲಿಂದ ಎತ್ತಿ ತೆಗೆಯಬಹುದು. ಕೈ ಕಟ್ಟಿಲ್ಲ. ಹಟ್ಟಿ ಇದ್ದ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಣ್ಣಿ ಬಿಚ್ಚಿ ಗುಡ್ಡೆಗೆ ಬಿಟ್ಟ ದನ ಸಂಜೆ ತಾನಾಗಿ ಬಂದು ಅದೇ ಗೂಟದ ಹತ್ತಿರ ನಿಲ್ಲುತ್ತದೆ. ಹಗ್ಗ ಎಳೆದು ತಂದದ್ದಲ್ಲ. ಆದರೆ ಸಡಿಲ ಇದೆ ಎಂಬುದನ್ನು "ಹಾಗಾದರೆ ಬಿಟ್ಟು ಬರಲು ಏನು ಕಷ್ಟ?" ಎಂದು ಬೈಯಲು ಬಳಸಬಾರದು. ಕೊರಳಿಗೆ ಬಿದ್ದದ್ದು ಕಣ್ಣಿಗೆ ಕಾಣುವುದಿಲ್ಲ, ಅದನ್ನು ತಡವಿ ನೋಡಬೇಕು. ತಡವಿ ನೋಡುವ ಹಾಗೆ ಮಾಡುವುದಷ್ಟೇ ಓದುವವರ ಕೆಲಸ.

ಅದಕ್ಕೆ ನಾನು ಹಿಡಿಯುವ ದಾರಿ ಮೂರನೆಯ ಜಾಗ. ಎರಡು ಕಾರ್ಡಿನಲ್ಲಿಯೂ ಕೆಳಗೆ ಇಬ್ಬರು, ಮೇಲೆ ಒಬ್ಬರು. ಯಾವ ಜೋಡಿಯಾದರೂ ಬರೀ ಇಬ್ಬರಾಗಿ ಇರುವುದಿಲ್ಲ. ಇಬ್ಬರನ್ನೂ ಹಿಡಿದಿಟ್ಟ ಮೂರನೆಯದು ಒಂದಿರುತ್ತದೆ. ಕೆಲವರಿಗೆ ಅದು ಒಟ್ಟಿಗೆ ಕಟ್ಟಬೇಕೆಂದಿರುವ ಮನೆ, ಇನ್ನು ಕೆಲವರಿಗೆ ಒಬ್ಬರ ಮೇಲೊಬ್ಬರಿಗಿರುವ ಭರವಸೆ. ಮತ್ತೆ ಕೆಲವರಿಗೆ ಒಂಟಿಯಾಗುವ ಭಯ, ಮನೆಯವರಿಗೆ ಗೊತ್ತಾಗಬಾರದ ಗುಟ್ಟು, ಹಳೆಯ ಸಾಲ. ಹಾಗಾಗಿ "ಅವನು ಡೆವಿಲ್" ಎಂದು ಓದುವುದು ಎರಡನೆಯ ದೊಡ್ಡ ತಪ್ಪು. ಚಿತ್ರದಲ್ಲಿ ಡೆವಿಲ್ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅವರಿಬ್ಬರೂ ಕೆಳಗಿದ್ದಾರೆ. ಕೇಳಬೇಕಾದ ಪ್ರಶ್ನೆ: ದೇವದೂತನಿದ್ದ ಜಾಗದಲ್ಲಿ ಈಗ ಏನು ಕೂತಿದೆ?

ಒಂದು ಓದನ್ನು ಪೂರ್ತಿ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ.

ಬದಿಯಡ್ಕ ಕಡೆಯ ಹುಡುಗಿ, 26 ವರ್ಷ. ಕುಂಬಳೆಗೆ ಬಸ್ಸಿನಲ್ಲಿ ಬಂದು ರೈಲು ಹಿಡಿದು ಮಂಗಳೂರಿನ ಒಂದು ಲ್ಯಾಬ್‌ಗೆ ಕೆಲಸಕ್ಕೆ ಹೋಗುತ್ತಾಳೆ. ಹುಡುಗ ಗಲ್ಫಿನಲ್ಲಿ. ಪರಿಚಯವಾಗಿ ಮೂರು ವರ್ಷ. ಅವಳ ಪ್ರಶ್ನೆ "ಅವನು ನನ್ನನ್ನು ಮದುವೆ ಆಗ್ತಾನಾ ಅಕ್ಕ?" ಎಂದಾಗಿತ್ತು. ಇಲ್ಲಿರದ ಮನುಷ್ಯನ ಮನಸ್ಸಿನ ಬಗ್ಗೆ ನಾನು ಕಾರ್ಡ್ ತೆಗೆಯುವುದಿಲ್ಲ. ಕವಡೆ ಪ್ರಶ್ನೆಗೆ ಹೋದರೆ ಆಗುತ್ತದೆ, ಆಗುವುದಿಲ್ಲ ಎಂಬ ಉತ್ತರ ಸಿಗಬಹುದು, ಟ್ಯಾರೋದ ಹದ ಅದಲ್ಲ. "ನಮ್ಮಿಬ್ಬರ ನಡುವೆ ಏನು ನಡೆಯುತ್ತಾ ಉಂಟು, ನಾನು ಎಂತ ನೋಡ್ತಾ ಇಲ್ಲ" ಎಂದು ಪ್ರಶ್ನೆ ಬದಲಿಸಿ ಐದು ಕಾರ್ಡ್ ಹಾಕಿದೆವು.

ಅವಳು ನಿಂತ ಜಾಗಕ್ಕೆ ಲವರ್ಸ್ ಬಂತು. ಅವಳಿಗೆ ಅವನು ಕಾಣುವ ಬಗೆಗೆ ನೈಟ್ ಆಫ್ ಕಪ್ಸ್. ಇಬ್ಬರ ನಡುವೆ ಇರುವುದಕ್ಕೆ ಡೆವಿಲ್. ನೋಡದೆ ಬಿಟ್ಟದ್ದಕ್ಕೆ ಸಿಕ್ಸ್ ಆಫ್ ಪೆಂಟಕಲ್ಸ್. ಕೈಯಲ್ಲಿರುವ ಮುಂದಿನ ಹೆಜ್ಜೆಗೆ ಟೂ ಆಫ್ ಸ್ವೋರ್ಡ್ಸ್.

ಡೆವಿಲ್ ನೋಡಿ ಅವಳ ಮುಖ ಬಾಡಿತು. ನಾನು ಅದನ್ನು ಬಿಟ್ಟು ಮೊದಲು ಲವರ್ಸ್ ತೋರಿಸಿ ಕೇಳಿದೆ, "ಇದರಲ್ಲಿ ನೀನು ಯಾರು?" ಗಂಡನ್ನು ತೋರಿಸಿದಳು. ಹೆಣ್ಣನ್ನು ತೋರಿಸಬಹುದೆಂದು ನಾನಂದುಕೊಂಡಿದ್ದೆ. "ಯಾಕೆ?" ಅಂದೆ. "ಇವ ಅವಳನ್ನೇ ನೋಡ್ತಾ ಇದ್ದಾನಲ್ಲ. ಅವಳು ಬೇರೆ ಎಲ್ಲಿಯೋ ನೋಡ್ತಾ ಇದ್ದಾಳೆ." ಪುಸ್ತಕದ ಅರ್ಥ ಪಕ್ಕಕ್ಕಿಟ್ಟು ಎದುರಿನವರು ಚಿತ್ರದಲ್ಲಿ ಏನು ಕಂಡರು ಎಂದು ಕೇಳಬೇಕಾದದ್ದು ಇದಕ್ಕೇ. ಅವಳ ದೃಷ್ಟಿ ಅವನ ಮೇಲಿದೆ, ಅವನದು ಎಲ್ಲಿದೆ ಗೊತ್ತಿಲ್ಲ.

ನೈಟ್ ಆಫ್ ಕಪ್ಸ್ ಬಿಳಿ ಕುದುರೆಯ ಮೇಲೆ ಬಟ್ಟಲು ಮುಂದೆ ಹಿಡಿದು ಬರುವ ಸವಾರ. ಕುದುರೆ ಓಡುತ್ತಿಲ್ಲ, ಮೆಲ್ಲ ಹೆಜ್ಜೆ ಇಡುತ್ತಿದೆ. ಬರುತ್ತಾ ಇದ್ದಾನೆ, ಬಂದು ಮುಟ್ಟಿಲ್ಲ. ಇದು ಅವನು ಹೇಗಿದ್ದಾನೆ ಎಂಬುದಲ್ಲ, ಅವಳಿಗೆ ಹೇಗೆ ಕಾಣುತ್ತಾನೆ ಎಂಬುದು. ಈ ವ್ಯತ್ಯಾಸ ಬಿಟ್ಟರೆ ಓದು ಚಾಡಿ ಮಾತಾಗುತ್ತದೆ.

ನಾಲ್ಕನೆಯದೇ ಬೀಗದ ಕೈ. ಸಿಕ್ಸ್ ಆಫ್ ಪೆಂಟಕಲ್ಸ್‌ನಲ್ಲಿ ಒಬ್ಬ ಶ್ರೀಮಂತ ನಿಂತಿದ್ದಾನೆ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಿಂದ ನಾಣ್ಯ ಉದುರಿಸುತ್ತಿದ್ದಾನೆ. ಕೆಳಗೆ ಇಬ್ಬರು ಮೊಣಕಾಲೂರಿ ಕೂತಿದ್ದಾರೆ. ನಾಣ್ಯ ಬೀಳುತ್ತಿರುವುದು ಒಬ್ಬನ ಕೈಗೆ ಮಾತ್ರ. ಪುಸ್ತಕದಲ್ಲಿ ದಾನ, ಉದಾರತೆ ಎಂದಿರುತ್ತದೆ. ಆದರೆ ಡೆವಿಲ್ ಪಕ್ಕದಲ್ಲಿ ಇಟ್ಟು ನೋಡಿ: ಮತ್ತೆ ಮೇಲೊಬ್ಬ, ಕೆಳಗಿಬ್ಬರು. ಕೊಡುವುದು ಯಾವಾಗ, ಎಷ್ಟು ಎಂಬುದು ತಕ್ಕಡಿ ಹಿಡಿದವನ ಇಷ್ಟ.

"ಅವನು ಯಾವಾಗೆಲ್ಲ ಫೋನ್ ಮಾಡ್ತಾನೆ?" ಕೇಳಿದೆ. "ಅದು ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ. ಒಮ್ಮೊಮ್ಮೆ ರಾತ್ರಿ ಮೂರು ಗಂಟೆ ಹೊತ್ತು ಮಾತಾಡ್ತಾನೆ. ಮತ್ತೆ ಐದು ದಿನ ಪತ್ತೆ ಇಲ್ಲ. ಫೋನ್ ಬಂದ ದಿನ ನಾನು ಹಾರ್ತಾ ಇರ್ತೇನೆ. ಇಲ್ಲದ ದಿನ ಅನ್ನ ಇಳಿಯುದಿಲ್ಲ." ಅವನು ಬೈಯುವುದಿಲ್ಲ, ಜಗಳ ಮಾಡುವುದಿಲ್ಲ. ಸುಮ್ಮನಾಗುತ್ತಾನೆ, ಅಷ್ಟೆ. ಅವಳು ಗೆಳತಿಯರ ಜೊತೆ ಬೇಕಲಕ್ಕೆ ಹೋಗುವುದನ್ನೂ ಬಿಟ್ಟಿದ್ದಾಳೆ. ಅಲ್ಲಿ ಗಲಾಟೆಯಲ್ಲಿ ಫೋನ್ ಬಂದದ್ದು ಗೊತ್ತಾಗದೆ ಹೋದರೆ ಎಂದು.

ಫೋನ್ ತೆಗೆದು ಕಾರ್ಡ್‌ಗಳ ಪಕ್ಕ ಇಡಲು ಹೇಳಿದೆ. ಹಿಂದಿನ ಒಂದು ತಿಂಗಳ ಕರೆಗಳನ್ನು ಅವಳೇ ಎಣಿಸಿದಳು. ಅವನಿಂದ ಬಂದದ್ದು ಒಂಬತ್ತು. ಅವಳು ಮಾಡಿದ್ದು ನಲವತ್ತರ ಮೇಲೆ, ಹೆಚ್ಚಿನವು ಎತ್ತದೆ ಹೋದವು. ಬೆರಳು ಮೇಲೆ ಕೆಳಗೆ ಆಡಿಸುತ್ತಾ ಇದ್ದವಳು ಒಂದು ಕಡೆ ನಿಂತಳು. ಆ ಒಂಬತ್ತರಲ್ಲಿ ಆರು ಕರೆ ಬಂದದ್ದು ಅವಳು ಎರಡು ಮೂರು ದಿನ ಫೋನ್ ಮಾಡುವುದನ್ನೇ ಬಿಟ್ಟ ಮೇಲೆ. ಅವಳಿಗೆ ಇನ್ನು ಸಾಕು ಅನಿಸುವ ಹೊತ್ತಿಗೆ ಸರಿಯಾಗಿ.

ಕಾಸರಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಕೇರಳ ಲಾಟರಿ ಮಾರುವವರನ್ನು ನೋಡಿಯೇ ಇರುತ್ತೀರಿ. ಯಾವತ್ತೂ ಏನೂ ಬಾರದಿದ್ದರೆ ಯಾರೂ ಟಿಕೆಟು ತೆಗೆಯುತ್ತಿರಲಿಲ್ಲ. ದಿನಾ ಬರುತ್ತಿದ್ದರೂ ಅದು ಸಂಬಳದ ಹಾಗಾಗಿ ರೋಮಾಂಚನ ಹೋಗುತ್ತಿತ್ತು. ಯಾವಾಗಲೋ ಒಮ್ಮೆ ಸಣ್ಣ ಬಹುಮಾನ ಬರುವುದರಿಂದಲೇ ಮನುಷ್ಯ ಮರುದಿನ ಮತ್ತೆ ಹೋಗಿ ನಿಲ್ಲುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳನ್ನು ಇಟ್ಟುಕೊಂಡು ತೋರಿಸಿದ್ದೂ ಇದನ್ನೇ. ಪ್ರತಿ ಸಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತರೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದೆ ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಅವನು ಬೇಕೆಂದೇ ಹೀಗೆ ಮಾಡುತ್ತಿದ್ದಾನೆ ಎಂದು ನಾನು ಹೇಳುವುದಿಲ್ಲ. ಶಿಫ್ಟ್ ಕೆಲಸ ಇರಬಹುದು, ಅವನಿಗೂ ಅವನದೇ ಭಯ ಇರಬಹುದು. ಬೇಕೆಂದು ಮಾಡಿದರೂ, ಬೇಡವಾಗಿ ಆದರೂ, ಅವಳ ಕೊರಳಿಗೆ ಬೀಳುವುದು ಒಂದೇ.

"ಹಾಗಾದ್ರೆ ಇಲ್ಲಿ ಮೇಲೆ ಕೂತದ್ದು ಯಾರು?" ಡೆವಿಲ್ ತೋರಿಸಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಫೋನಾ?" ಅಂದಳು. ಹತ್ತಿರ ಬಂದಿದ್ದಳು. ಫೋನ್ ಬರೀ ಸರಪಳಿಯ ಬಳೆ. ಮೇಲೆ ಕೂತದ್ದು ಕಾಯುವುದು. ಮೂರು ವರ್ಷದಲ್ಲಿ ಅವನ ಜೊತೆ ಮಾತಾಡಿದ ಹೊತ್ತಿಗಿಂತ ಅವನಿಗಾಗಿ ಕಾದ ಹೊತ್ತು ಎಷ್ಟೋ ಪಾಲು ಹೆಚ್ಚು. ಅವಳು ದಿನಾ ಬಾಳುತ್ತಿದ್ದದ್ದು ಅವನ ಜೊತೆ ಅಲ್ಲ, ಅದರ ಜೊತೆ.

ಕೊನೆಯ ಟೂ ಆಫ್ ಸ್ವೋರ್ಡ್ಸ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸು ಎರಡು ಕತ್ತಿಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಕೂತಿದ್ದಾಳೆ. ಅವಳನ್ನು ಯಾರೂ ಕಟ್ಟಿ ಹಾಕಿಲ್ಲ. ಬಿಡಬೇಕು ಅಥವಾ ಬಿಡಬಾರದು ಎಂದು ಈ ಕಾರ್ಡ್ ಹೇಳುವುದಿಲ್ಲ. ತೀರ್ಮಾನ ಇನ್ನೂ ಆಗಿಲ್ಲ, ಆಗಬೇಕಾದರೆ ಮೊದಲು ಕಣ್ಣು ಬಿಚ್ಚಬೇಕು, ಅಷ್ಟೆ. ಹಾಗಾಗಿ ನಾನು ಕೊಟ್ಟದ್ದು ಸಣ್ಣ ಕೆಲಸ: ಒಂದು ತಿಂಗಳು ಕರೆಗಳ ಲೆಕ್ಕ ಬರೆದಿಡುವುದು, ಒಮ್ಮೆ ಬೇಕಲಕ್ಕೆ ಹೋಗಿ ಬರುವುದು, ಮತ್ತು ಅವನಲ್ಲಿ ಒಂದು ನೇರ ಮಾತು ಕೇಳುವುದು: ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಫೋನ್ ಮಾಡಲಿಕ್ಕೆ ಆಗುತ್ತದೆ? ಉತ್ತರ ಹೇಗೆ ಬಂದರೂ ಅವಳಿಗೆ ಬೇಕಾದ್ದು ಗೊತ್ತಾಗುತ್ತದೆ.

ಅವಳ ಓದಿನಲ್ಲಿ ಲವರ್ಸ್ ಮೊದಲು ಬಂದು ಡೆವಿಲ್ ನಂತರ ಬಂತು. ಹಿಂದೆ, ಈಗ, ಮುಂದೆ ಎಂದು ಮೂರು ಕಾರ್ಡ್ ಹಾಕಿದಾಗ ಈ ಕ್ರಮ ಇನ್ನೂ ಮುಖ್ಯ. ಲವರ್ಸ್ ಹಿಂದೆ, ಡೆವಿಲ್ ಈಗ ಇದ್ದರೆ, ಒಮ್ಮೆ ಮನಸ್ಸಿಟ್ಟು ಆರಿಸಿಕೊಂಡದ್ದು ಈಗ ಚಾಳಿಯಾಗಿದೆ ಎಂದು ಓದಬಹುದು. ತಿರುಗು ಮುರುಗಾಗಿ ಡೆವಿಲ್ ಈಗ, ಲವರ್ಸ್ ಮುಂದೆ ಬಂದರೆ ಎದುರಿನವರ ಮುಖ ಅರಳುತ್ತದೆ: "ಮುಂದೆ ಎಲ್ಲ ಸರಿಯಾಗ್ತದೆ ಅಲ್ವಾ?" ಇಲ್ಲಿಯೇ ಹೆಚ್ಚಿನವರು ಎಡವುವುದು. ಲವರ್ಸ್ ಅಂದರೆ ಬರೀ ಪ್ರೀತಿಯಲ್ಲ. ಹಳೆಯ ಮಾರ್ಸೇ ಕಟ್ಟಿನಲ್ಲಿ ಇದೇ ಆರನೆಯ ಕಾರ್ಡ್‌ನಲ್ಲಿ ಒಬ್ಬ ಹುಡುಗ ಇಬ್ಬರು ಹೆಂಗಸರ ನಡುವೆ ನಿಂತಿದ್ದಾನೆ, ಮೇಲಿಂದ ಮನ್ಮಥ ಬಾಣ ಹೂಡಿದ್ದಾನೆ. ಅದು ಆಯ್ಕೆಯ ಕಾರ್ಡ್. ಡೆವಿಲ್ ಆದ ಮೇಲೆ ಲವರ್ಸ್ ಬಂದರೆ ನಾನು ಹೇಳುವುದಿಷ್ಟು: ಆರಿಸಿಕೊಳ್ಳುವ ಹೊತ್ತು ಬರುತ್ತದೆ. ಅವನನ್ನೇ ಮತ್ತೆ ಆರಿಸಿಕೊಳ್ಳಬಹುದು, ಬಿಡಲೂಬಹುದು. ಇದನ್ನು ಸಂತೋಷದ ಭವಿಷ್ಯ ಎಂದು ಓದಿ ಕಳಿಸಿದರೆ ಅವರು ಇನ್ನೆರಡು ವರ್ಷ ಕಾಯುತ್ತಾರೆ, ನೀವು ಹೇಳಿದ್ದೀರಿ ಎಂದು.

ತಲೆಕೆಳಗಾಗಿ ಬಂದ ಡೆವಿಲ್ ಬಗ್ಗೆ ಎರಡೇ ಮಾತು. ಸರಪಳಿ ಕಳಚುತ್ತಿದೆ ಎಂದೂ ಆಗುತ್ತದೆ, ಸರಪಳಿಯೇ ಇಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವುದು ಎಂದೂ ಆಗುತ್ತದೆ. ಯಾವುದು ಎಂದು ಕಾರ್ಡ್ ನೋಡಿ ತಿಳಿಯುವುದಿಲ್ಲ. ಹಿಂದಿನ ಹದಿನೈದು ದಿನದಲ್ಲಿ ನೀವು ಮಾಡಿದ ಒಂದು ಬೇರೆ ಕೆಲಸ ಹೇಳಿ ಅನ್ನುತ್ತೇನೆ. ಕಳಚುತ್ತಿರುವವರು ಏನಾದರೊಂದು ಥಟ್ಟನೆ ಹೇಳುತ್ತಾರೆ. ಉಳಿದವರು ಮುಂದೆ ಮಾಡಲಿರುವುದರ ಬಗ್ಗೆ ಮಾತಾಡುತ್ತಾರೆ.

ಇನ್ನೊಂದು ವಿಷಯ ಇಷ್ಟು ಹಗುರವಾಗಿ ಹೇಳಿ ಮುಗಿಸುವುದಲ್ಲ. ಇಬ್ಬರ ಕೊರಳಲ್ಲಿಯೂ ಸರಪಳಿ ಇದೆ ಎಂಬ ಓದು ಎಲ್ಲ ಸಂಬಂಧಗಳಿಗೂ ಹೊಂದುವುದಿಲ್ಲ. ಹೊಡೆತ, ಬೆದರಿಕೆ, ಪಾಸ್‌ಪೋರ್ಟು ಅಥವಾ ಎಟಿಎಂ ಕಾರ್ಡು ತೆಗೆದಿಡುವುದು, ಫೋಟೋ ಹಂಚುತ್ತೇನೆ ಎಂದು ಹೆದರಿಸುವುದು ಇದ್ದಲ್ಲಿ "ಇಬ್ಬರೂ ಬಂಧಿಗಳು" ಎಂದರೆ ಹೊಡೆಸಿಕೊಂಡವರ ಮೇಲೂ ಅರ್ಧ ತಪ್ಪು ಹೊರಿಸಿದ ಹಾಗೆ. ಅಲ್ಲಿ ಸರಪಳಿ ಸಡಿಲವಾಗಿಯೂ ಇರುವುದಿಲ್ಲ. ಹೊಡೆಸಿಕೊಂಡವರು ಯಾಕೆ ಮತ್ತೆ ಅಲ್ಲಿಗೇ ಹೋಗುತ್ತಾರೆ ಎಂಬುದಕ್ಕೆ 1981ರಲ್ಲಿ ಡೊನಾಲ್ಡ್ ಡಟ್ಟನ್ ಮತ್ತು ಸೂಸನ್ ಪೇಂಟರ್ ಎರಡು ಕಾರಣ ತೋರಿಸಿದರು: ಒಬ್ಬರ ಕೈಯಲ್ಲಿ ಮಾತ್ರ ಬಲ ಇರುವುದು, ಮತ್ತು ಹಿಂಸೆಯ ನಡುನಡುವೆ ಒಳ್ಳೆಯತನ ಬಂದು ಹೋಗುವುದು. ಸಿಕ್ಸ್ ಆಫ್ ಪೆಂಟಕಲ್ಸ್‌ನ ತಕ್ಕಡಿ ಮತ್ತು ನಾಣ್ಯ ನನಗೆ ಆವಾಗ ನೆನಪಾಗುತ್ತದೆ. ಆದರೆ ಅಂಥ ಹೊತ್ತಿನಲ್ಲಿ ಕಾರ್ಡ್ ಮಡಚಿ ಇಡುತ್ತೇನೆ. ಮಹಿಳಾ ಸಹಾಯವಾಣಿ 181ಕ್ಕೆ ನಮ್ಮ ಜಗಲಿಯಿಂದಲೇ ಫೋನ್ ಮಾಡಿದವರಿದ್ದಾರೆ. ಮನೆಯೊಳಗಿನ ಹಿಂಸೆಗೆ 2005ರ ಕಾನೂನು ಇದೆ, ಮದುವೆಯಾಗದೆ ಒಟ್ಟಿಗೆ ಬಾಳುತ್ತಿದ್ದವರಿಗೂ ಅದರಲ್ಲಿ ರಕ್ಷಣೆ ಸಿಗುತ್ತದೆ. ಇದನ್ನು ಹೇಳಲು ಲವರ್ಸ್ ಬೇಡ, ಡೆವಿಲ್ಲೂ ಬೇಡ.

ಇಷ್ಟೆಲ್ಲ ಓದಿದ ಮೇಲೆ, ಎರಡೂ ಒಟ್ಟಿಗೆ ಬಂದದ್ದೇ ದೊಡ್ಡ ಸೂಚನೆ ಅಲ್ಲವೇ ಎಂದು ಕೇಳುತ್ತೀರಿ. ಲೆಕ್ಕ ಹಾಕಿ. 78ರಲ್ಲಿ ಐದು ಎತ್ತಿದಾಗ ಇವೆರಡೂ ಬರುವ ಸಾಧ್ಯತೆ 300ರಲ್ಲಿ ಒಂದಕ್ಕೆ ಹತ್ತಿರ. ಹತ್ತು ಕಾರ್ಡಿನ ಕೆಲ್ಟಿಕ್ ಕ್ರಾಸ್‌ನಲ್ಲಿ 67ರಲ್ಲಿ ಒಂದು. ಅಪರೂಪ ನಿಜ, ಆದರೆ ಸುಖವಾಗಿ ಬಾಳುವ ಜೋಡಿಗೂ ಅದೇ ಲೆಕ್ಕ. ಹಾಗಾಗಿ ಕಾರ್ಡ್ ಬಂತು ಎಂಬುದು ಸಾಕ್ಷಿ ಅಲ್ಲ. ಆ ಹುಡುಗಿಯ ಓದಿನಲ್ಲಿ ಸಾಕ್ಷಿ ಇದ್ದದ್ದು ಕರೆಗಳ ಪಟ್ಟಿಯಲ್ಲಿ. ಕಾರ್ಡ್ ಮಾಡಿದ್ದು ಆ ಪಟ್ಟಿ ತೆಗೆಸಿದ್ದು ಮಾತ್ರ. ಚಿತ್ರ ತೋರಿಸಿದರೂ ಎದುರಿನವರ ಬದುಕಿನಲ್ಲಿ ಅದಕ್ಕೆ ಹೊಂದುವ ಒಂದು ಸಂಗತಿಯೂ ಸಿಗದಿದ್ದರೆ ಆ ಓದನ್ನು ಬಿಟ್ಟುಬಿಡಬೇಕು. ಹುಡುಕಿ ಹೊಂದಿಸಬಾರದು. ಎರಡು ಸಲ ಹಾಗೆ ಹೊಂದಿಸಿ, ಇಲ್ಲದ ಕೊರಗು ಒಬ್ಬರ ತಲೆಗೆ ತುಂಬಿ ಕಳಿಸಿದ್ದೇನೆ. ಅದು ಈಗಲೂ ಚುಚ್ಚುತ್ತದೆ.

ಅದೇ ಕಾರಣಕ್ಕೆ ಒಂದೇ ಪ್ರಶ್ನೆಗೆ ತಿಂಗಳೊಳಗೆ ಮತ್ತೆ ಕಾರ್ಡ್ ತೆಗೆಯುವುದಿಲ್ಲ. ಇಂಥ ಸಂಬಂಧದಲ್ಲಿ ಇರುವವರು ರಾತ್ರಿ ಎರಡು ಗಂಟೆಗೆ ಯೂಟ್ಯೂಬಿನಲ್ಲಿ "ಅವನು ನಿಮ್ಮ ಬಗ್ಗೆ ಏನು ಯೋಚಿಸುತ್ತಿದ್ದಾನೆ" ಎಂಬ ವೀಡಿಯೋ ಒಂದಾದ ಮೇಲೊಂದು ನೋಡುತ್ತಿರುತ್ತಾರೆ. ಹತ್ತರಲ್ಲಿ ಒಂದು ಸಿಹಿ ಸುದ್ದಿ ಹೇಳುತ್ತದೆ, ಅದಕ್ಕಾಗಿ ಉಳಿದ ಒಂಬತ್ತು. ಅದೇ ಲಾಟರಿ, ಅದೇ ನಾಣ್ಯ. ಬಂದ ಹಾಗೆಲ್ಲ ಕಾರ್ಡ್ ತೆಗೆದುಕೊಟ್ಟರೆ ಮೂರನೆಯ ಜಾಗದಲ್ಲಿ ಹೋಗಿ ಕೂರುವುದು ನಾನೇ.

ಆ ದಿನ ಅವಳೂ ಏಳುವ ಮುಂಚೆ ಕೇಳಿದಳು, "ಒಂದೇ ಒಂದು ಕಾರ್ಡ್ ಅಕ್ಕ. ಈಗ ಅವನ ಮನಸ್ಸಲ್ಲಿ ಎಂತ ಉಂಟು ಅಂತ." ನಾನು ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಆಗಿತ್ತು. ಅಷ್ಟು ಹೊತ್ತಿಗೆ ಅವಳು ಮೇಜಿನ ಮೇಲಿದ್ದ ಕಾರ್ಡ್‌ಗಳ ಫೋಟೋ ತೆಗೆದುಕೊಂಡಿದ್ದಳು. ಐದರದ್ದೂ ಅಲ್ಲ, ಸಿಕ್ಸ್ ಆಫ್ ಪೆಂಟಕಲ್ಸ್‌ದು ಮಾತ್ರ.

"ಮತ್ತೆ ಯಾವಾಗ ಬರ್ಲಿ?"

"ಒಂದು ತಿಂಗಳು ಕಳಿಯಲಿ."

ಚಪ್ಪಲಿ ಹಾಕುತ್ತಿದ್ದವಳು ನಕ್ಕಳು. "ನೀವೂ ಕಾಯಿಸ್ತೀರಲ್ಲ ಅಕ್ಕ."

ಅದಕ್ಕೆ ನನ್ನಲ್ಲಿ ತಕ್ಷಣ ಉತ್ತರ ಇರಲಿಲ್ಲ. ಒಳಗೆ ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿ, ಒಂದು ಚೀಟಿಯಲ್ಲಿ ದಿನ, ವಾರ, ಬೆಳಿಗ್ಗೆ ಹತ್ತು ಗಂಟೆ ಎಂದು ಬರೆದು ತಂದು ಕೊಟ್ಟೆ. ಅವಳು ಅದನ್ನು ಎರಡು ಸಲ ಓದಿ, ಮಡಚಿ, ರೈಲಿನ ಪಾಸ್ ಇಟ್ಟ ಪರ್ಸಿನೊಳಗೆ ಇಟ್ಟುಕೊಂಡಳು.